ಮಾಸು ಬಿದ್ದ ಮೇಲೆ ಸಕ್ಕರೆಯ ಲೆಕ್ಕ

ಮಗು ಅತ್ತ ಸದ್ದು ಕೇಳುತ್ತಿದ್ದಂತೆ ಹೆರಿಗೆ ಕೋಣೆಯಲ್ಲಿದ್ದವರ ಗಮನವೆಲ್ಲ ಅತ್ತ ಹೋಗುತ್ತದೆ. ತಾಯಿಗೆ ಸಕ್ಕರೆ ಕಾಯಿಲೆಯಿದ್ದರೆ ಒಬ್ಬ ನರ್ಸ್ ಮಾತ್ರ ಮಂಚದ ತಲೆದೆಸೆಯಲ್ಲಿರುವ ಪುಟ್ಟ ಪಂಪಿನ ಬಳಿಯೇ ನಿಂತಿರುತ್ತಾರೆ. ಅವರು ಕಾಯುತ್ತಿರುವುದು ಮಾಸಿಗಾಗಿ. ಹತ್ತು ನಿಮಿಷದಲ್ಲೋ ಹದಿನೈದು ನಿಮಿಷದಲ್ಲೋ ಮಾಸು ಜಾರಿ ಟ್ರೇಗೆ ಬೀಳುತ್ತದೆ. ಅದು ಪೂರ್ತಿ ಬಂದಿದೆ ಎಂದು ವೈದ್ಯರು ಹೇಳುತ್ತಿದ್ದಂತೆ ನರ್ಸ್ ಪಂಪಿನ ಗುಂಡಿ ಒತ್ತಿ ಇನ್ಸುಲಿನ್ ಹರಿಯುವ ವೇಗವನ್ನು ಅರ್ಧಕ್ಕೆ ಇಳಿಸುತ್ತಾರೆ, ಗಡಿಯಾರ ನೋಡಿ ಕೇಸ್ ಶೀಟಿನಲ್ಲಿ ಸಮಯ ಬರೆಯುತ್ತಾರೆ.

ಇದನ್ನು ಮರೆತರೆ ಏನಾಗುತ್ತದೆ? ಒಂಬತ್ತು ತಿಂಗಳು ತಾಯಿಯನ್ನು ಕಾಪಾಡಿದ ಅದೇ ಔಷಧಿ, ಅದೇ ಪ್ರಮಾಣದಲ್ಲಿ, ಅದೇ ರಾತ್ರಿ ಅವಳ ಪ್ರಜ್ಞೆ ತಪ್ಪಿಸಬಹುದು. ಗರ್ಭಿಣಿಗೆ ಸರಿಹೊಂದಿದ್ದ ಡೋಸು ಬಾಣಂತಿಗೆ ವಿಪರೀತವಾಗುತ್ತದೆ. ಬೆಳಿಗ್ಗೆ ಗರ್ಭಿಣಿಯಾಗಿದ್ದವಳು ಸಂಜೆ ಬಾಣಂತಿಯಾಗಿರುತ್ತಾಳೆ, ಡೋಸು ಬದಲಿಸಲು ಸಿಗುವ ಸಮಯ ಅಷ್ಟೇ.

ಇದೆಲ್ಲದರ ಮೂಲ ಮಾಸಿನಲ್ಲಿದೆ. ಸುಮಾರು ಅರ್ಧ ಕೆ.ಜಿ. ತೂಗುವ ಈ ಅಂಗ ಮಗುವಿಗೆ ಆಹಾರ, ಗಾಳಿ ಒದಗಿಸುವ ಕೊಳವೆ ಮಾತ್ರವಲ್ಲ, ಹಾರ್ಮೋನುಗಳ ಒಂದು ಕಾರ್ಖಾನೆ ಕೂಡ. ಪ್ಲಾಸೆಂಟಲ್ ಲ್ಯಾಕ್ಟೋಜೆನ್, ಮಾಸಿನದೇ ಆದ ಒಂದು ಬಗೆಯ ಬೆಳವಣಿಗೆಯ ಹಾರ್ಮೋನು, ಪ್ರೊಜೆಸ್ಟರಾನ್ ಇವೆಲ್ಲ ಅಲ್ಲಿಂದ ತಾಯಿಯ ರಕ್ತಕ್ಕೆ ಸುರಿಯುತ್ತವೆ. ಇವು ತಾಯಿಯ ಸ್ನಾಯುಗಳನ್ನು ಇನ್ಸುಲಿನ್ನಿನ ಮಾತಿಗೆ ಅಷ್ಟಾಗಿ ಓಗೊಡದಂತೆ ಮಾಡುತ್ತವೆ. ತಾಯಿ ಉಂಡ ಅನ್ನದ ಸಕ್ಕರೆ ಅವಳ ಮೈಗೆ ಬೇಗ ಇಂಗದೆ ಸ್ವಲ್ಪ ಹೊತ್ತು ರಕ್ತದಲ್ಲೇ ಉಳಿಯಲಿ, ಮಗುವಿಗೆ ಪಾಲು ಸಿಗಲಿ ಎಂಬುದು ಪ್ರಕೃತಿಯ ಏರ್ಪಾಡು. ಆರೋಗ್ಯವಂತ ಹೆಂಗಸಿನ ಮೇದೋಜೀರಕ ಗ್ರಂಥಿ ಇದಕ್ಕೆ ಪ್ರತಿಯಾಗಿ ಇನ್ನಷ್ಟು ಇನ್ಸುಲಿನ್ ತಯಾರಿಸಿ ಸರಿದೂಗಿಸುತ್ತದೆ. ಅದಕ್ಕೆ ಆಗದಿದ್ದಾಗ ಕಾಣಿಸಿಕೊಳ್ಳುವುದೇ ಗರ್ಭಿಣಿಯರ ಸಕ್ಕರೆ ಕಾಯಿಲೆ. ಮೊದಲಿನಿಂದಲೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವಳಿಗಾದರೆ ಡೋಸು ತಿಂಗಳಿಂದ ತಿಂಗಳಿಗೆ ಏರುತ್ತ, ಎಂಟನೆಯ ತಿಂಗಳ ಹೊತ್ತಿಗೆ ಸುಮಾರು ಎರಡು ಪಟ್ಟಾಗುವುದೂ ಉಂಟು.

ಈ ಏರಿಕೆಗೆ ತಿಂಗಳುಗಟ್ಟಲೆ ಹಿಡಿಯಿತು. ಇಳಿಕೆಗೆ ಅಷ್ಟು ವ್ಯವಧಾನವಿಲ್ಲ. ಮಾಸು ಹೊರಬಿದ್ದ ಕೂಡಲೇ ಕಾರ್ಖಾನೆ ಮುಚ್ಚಿದಂತೆ. ರಕ್ತದಲ್ಲಿ ಉಳಿದ ಪ್ಲಾಸೆಂಟಲ್ ಲ್ಯಾಕ್ಟೋಜೆನ್ ಸುಮಾರು ಅರ್ಧ ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ, ಕೆಲವೇ ಗಂಟೆಗಳಲ್ಲಿ ಲೆಕ್ಕಕ್ಕೆ ಸಿಗದಷ್ಟಾಗುತ್ತದೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಗರ್ಭಾವಸ್ಥೆಯಲ್ಲಿ ಮಾಸಿನ ಬೆಳವಣಿಗೆಯ ಹಾರ್ಮೋನು ಧಾರಾಳವಾಗಿ ಇರುವುದರಿಂದ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ತನ್ನ ಪಾಲಿನ ಬೆಳವಣಿಗೆಯ ಹಾರ್ಮೋನು ಸುರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿರುತ್ತದೆ. ಇದು ಕೂಡ ಇನ್ಸುಲಿನ್ನಿಗೆ ಎದುರಾಗಿ ಸಕ್ಕರೆಯನ್ನು ಏರಿಸುವ ಹಾರ್ಮೋನು. ಮಾಸು ಹೋದ ಮೇಲೆ ಪಿಟ್ಯುಟರಿ ಮತ್ತೆ ಹಳೆಯ ಲಯಕ್ಕೆ ಬರಲು ಕೆಲವು ದಿನ ಬೇಕು. ಆ ನಡುವೆ ಎರಡೂ ಕಡೆಯಿಂದ ತಡೆಯಿಲ್ಲದ ಇನ್ಸುಲಿನ್ ತುಂಬ ಚುರುಕಾಗಿ ಕೆಲಸ ಮಾಡುತ್ತದೆ. ಆದ್ದರಿಂದಲೇ ಹೆರಿಗೆಯ ನಂತರದ ಮೊದಲ ದಿನಗಳಲ್ಲಿ ಬೇಕಾಗುವ ಡೋಸು ಗರ್ಭಾವಸ್ಥೆಗಿಂತ ಮಾತ್ರವಲ್ಲ, ಬಸಿರಾಗುವ ಮೊದಲು ಇದ್ದುದಕ್ಕಿಂತಲೂ ಕಡಿಮೆಯಾಗಿರುತ್ತದೆ.

ಹೆರಿಗೆ ನೋವಿನ ಹೊತ್ತಿಗೆ ಸಕ್ಕರೆಯ ಮೇಲೆ ಇಷ್ಟೊಂದು ಕಣ್ಣಿಡುವುದು ತಾಯಿಯಷ್ಟೇ ಮಗುವಿಗಾಗಿ. ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವನ್ನು ಸೇರುತ್ತದೆ, ಇನ್ಸುಲಿನ್ ದಾಟುವುದಿಲ್ಲ. ತಾಯಿಯ ಸಕ್ಕರೆ ಏರಿದರೆ ಮಗುವಿನ ಸಕ್ಕರೆಯೂ ಏರುತ್ತದೆ, ಅದನ್ನು ಇಳಿಸಲು ಮಗು ತನ್ನದೇ ಇನ್ಸುಲಿನ್ ಸುರಿಸುತ್ತದೆ. ಡೆನ್ಮಾರ್ಕಿನ ವೈದ್ಯ ಯಾರ್ಗೆನ್ ಪೆಡರ್ಸೆನ್ 1950ರ ದಶಕದಲ್ಲಿ ಮುಂದಿಟ್ಟ ಈ ವಿವರಣೆ ಇಂದಿಗೂ ವೈದ್ಯರ ಆಧಾರ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ಮಗುವಿಗೆ ಸಕ್ಕರೆಯ ಸರಬರಾಜು ನಿಲ್ಲುತ್ತದೆ, ಆದರೆ ಅದರ ಮೈಯಲ್ಲಿ ಸುರಿದ ಇನ್ಸುಲಿನ್ ಇನ್ನೂ ಕೆಲಸ ಮಾಡುತ್ತಿರುತ್ತದೆ. ಹುಟ್ಟಿದ ಒಂದೆರಡು ಗಂಟೆಯಲ್ಲೇ ಮಗುವಿನ ಸಕ್ಕರೆ ಕುಸಿಯುವುದು ಹೀಗೆ.

ಹಾಗೆಂದು ಹೆರಿಗೆಯ ದಿನ ಸಕ್ಕರೆಯನ್ನು ಎಷ್ಟು ಬಿಗಿಯಾಗಿ ಹಿಡಿದರೆ ಅಷ್ಟು ಒಳ್ಳೆಯದು ಎಂದೇನೂ ಇಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುವುದು ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಬೇಕು, ಸಕ್ಕರೆ 72ರಿಂದ 126ರೊಳಗೆ ಇರಬೇಕು ಎಂದು. ನಮ್ಮಲ್ಲಿ ಎಲ್ಲರೂ ಬಳಸುವ ಲೆಕ್ಕದಲ್ಲಿ, ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ, ಈ ಅಂಕಿಗಳನ್ನು ಕೊಟ್ಟಿದೆ. ಗರ್ಭಾವಸ್ಥೆಯಲ್ಲಿ ಮಾತ್ರ ಸಕ್ಕರೆ ಕಾಣಿಸಿಕೊಂಡ ತಾಯಂದಿರ ಮೇಲೆ ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೆರಿಗೆ ವೇಳೆ ತೀರ ಬಿಗಿಯಾಗಿ ನಿಯಂತ್ರಿಸಿದವರ ಮಕ್ಕಳಿಗೂ ಸ್ವಲ್ಪ ಸಡಿಲ ಬಿಟ್ಟವರ ಮಕ್ಕಳಿಗೂ ಹುಟ್ಟಿದ ಮೇಲಿನ ಮೊದಲ ಸಕ್ಕರೆ ಪರೀಕ್ಷೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮಗುವಿನ ಮೇದೋಜೀರಕ ಗ್ರಂಥಿ ಆ ಒಂದು ದಿನದಲ್ಲಿ ರೂಪುಗೊಂಡದ್ದಲ್ಲ, ಹಿಂದಿನ ಮೂರು ತಿಂಗಳ ಸಕ್ಕರೆಯೂ ಅದರಲ್ಲಿ ಪಾಲುದಾರ.

ಇನ್ನು ನೋವಿನ ಹೊತ್ತಿಗೆ ಬರೋಣ. ಹೆರಿಗೆ ಎಂದರೆ ಗಂಟೆಗಟ್ಟಲೆ ನಡೆಯುವ ಕಠಿಣ ದುಡಿಮೆ. ಗರ್ಭಕೋಶದ ಸ್ನಾಯು ಹಿಂಡಿ ಹಿಂಡಿ ಸಕ್ಕರೆಯನ್ನು ಉರಿಸುತ್ತದೆ, ಹೊಲದಲ್ಲಿ ದುಡಿಯುವಾಗ ಮೈ ಮಾಡುವ ಹಾಗೆಯೇ. 1983ರಲ್ಲಿ ಲೊಯಿಸ್ ಜೊವಾನೊವಿಕ್ ಮತ್ತು ಚಾರ್ಲ್ಸ್ ಪೀಟರ್ಸನ್ ಎಂಬ ಅಮೆರಿಕದ ವೈದ್ಯರು ಟೈಪ್ 1 ಸಕ್ಕರೆ ಕಾಯಿಲೆಯ ತಾಯಂದಿರ ಮೇಲೆ ನಡೆಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಬಾಯಿ ತೆರೆಯುವ ಮೊದಲ ಹಂತದಲ್ಲಿ ಅವರ ಇನ್ಸುಲಿನ್ ಅಗತ್ಯ ಸೊನ್ನೆಯ ಹತ್ತಿರ ಇಳಿದಿತ್ತು, ಸಕ್ಕರೆಯ ಅಗತ್ಯ ಮಾತ್ರ ಒಂದೇ ಸಮನಾಗಿತ್ತು. ಅವರ ಲೆಕ್ಕವನ್ನು 60 ಕೆ.ಜಿ. ತೂಕದವಳಿಗೆ ಹಾಕಿದರೆ ಗಂಟೆಗೆ ಸುಮಾರು 9 ಗ್ರಾಂ, ಅಂದರೆ ಎರಡು ಚಹಾ ಚಮಚದಷ್ಟು ಸಕ್ಕರೆ.

ಹಾಗಾಗಿ ಹೆರಿಗೆ ಕೋಣೆಯಲ್ಲಿ ತಾಯಿಗೆ ಎರಡು ಹರಿವುಗಳು ಬೇಕು. ಒಂದರಲ್ಲಿ ಸಕ್ಕರೆ, ಇನ್ನೊಂದರಲ್ಲಿ ಇನ್ಸುಲಿನ್. ಸಾಮಾನ್ಯವಾಗಿ 5 ಶೇಕಡಾ ಡೆಕ್ಸ್‌ಟ್ರೋಸ್ ಬಾಟಲಿಯನ್ನು ಗಂಟೆಗೆ 100 ಮಿ.ಲೀ.ನಂತೆ ಬಿಡುತ್ತಾರೆ, ಅದರಲ್ಲಿ 5 ಗ್ರಾಂ ಸಕ್ಕರೆ ಇರುತ್ತದೆ. ಜೊತೆಗೆ ಸಿರಿಂಜ್ ಪಂಪಿನಲ್ಲಿ 50 ಮಿ.ಲೀ. ಸಲೈನಿಗೆ 50 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಬೆರೆಸುತ್ತಾರೆ. ಒಂದು ಮಿ.ಲೀ.ಗೆ ಒಂದು ಯೂನಿಟ್, ಲೆಕ್ಕ ತಪ್ಪದಿರಲಿ ಎಂದೇ ಹೀಗೆ.

ಪಂಪಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಏನು ಮಾಡಬೇಕು? ಗರ್ಭಾವಸ್ಥೆಯ ಸಕ್ಕರೆಗೆ ಇನ್ಸುಲಿನ್ ಪಡೆಯುತ್ತಿರುವವರಿಗಾಗಿ ಕೇಂದ್ರ ಆರೋಗ್ಯ ಇಲಾಖೆಯ ರಾಷ್ಟ್ರೀಯ ಮಾರ್ಗಸೂಚಿ ಸರಳ ದಾರಿಯೊಂದನ್ನು ಕೊಡುತ್ತದೆ. ನೋವು ಬರಿಸುವ ದಿನ ಬೆಳಗಿನ ಇನ್ಸುಲಿನ್ ಕೊಡುವುದಿಲ್ಲ. ಎರಡು ಗಂಟೆಗೊಮ್ಮೆ ಗ್ಲೂಕೋಮೀಟರಿನಲ್ಲಿ ಸಕ್ಕರೆ ನೋಡುತ್ತ, 500 ಮಿ.ಲೀ. ಸಲೈನ್ ಬಾಟಲಿಯನ್ನು ಗಂಟೆಗೆ 100 ಮಿ.ಲೀ.ನಂತೆ ಹರಿಸುತ್ತಾರೆ. ಸಕ್ಕರೆ 90ರಿಂದ 120ರೊಳಗಿದ್ದರೆ ಬಾಟಲಿಗೆ ಇನ್ಸುಲಿನ್ ಬೇಡ. 120 ದಾಟಿದರೆ 4 ಯೂನಿಟ್, 140 ದಾಟಿದರೆ 6, 180 ದಾಟಿದರೆ 8. ಬಾಟಲಿ ಐದು ಗಂಟೆ ಬರುವುದರಿಂದ 4 ಯೂನಿಟ್ ಎಂದರೆ ಗಂಟೆಗೆ ಒಂದು ಯೂನಿಟ್ಟಿಗಿಂತಲೂ ಕಡಿಮೆ. ನೋವಿನಲ್ಲಿ ದುಡಿಯುವ ಮೈಗೆ ಎಷ್ಟು ಅಲ್ಪ ಇನ್ಸುಲಿನ್ ಸಾಕು ಎಂಬುದು ಇದರಿಂದಲೇ ತಿಳಿಯುತ್ತದೆ.

ಟೈಪ್ 1 ಕಾಯಿಲೆಯಿರುವ ಒಬ್ಬ ಹೆಣ್ಣುಮಗಳ ದಿನವನ್ನು ಹಿಡಿದು ಈ ಲೆಕ್ಕ ನಡೆಯುವ ಬಗೆ ನೋಡಬಹುದು. ಇದು ಒಬ್ಬಳದೇ ಕಥೆಯಲ್ಲ, ಇಂಥ ಹೆರಿಗೆ ಸಾಮಾನ್ಯವಾಗಿ ಹೇಗೆ ಸಾಗುತ್ತದೆ ಎಂದು ತೋರಿಸಲು ಕಟ್ಟಿದ ಉದಾಹರಣೆ. ವಯಸ್ಸು 27, ಹನ್ನೆರಡರಿಂದಲೂ ಸಕ್ಕರೆ. ಬಸಿರಾಗುವ ಮೊದಲು ದಿನಕ್ಕೆ 40 ಯೂನಿಟ್ ಇನ್ಸುಲಿನ್ ಸಾಕಾಗುತ್ತಿತ್ತು. 36 ವಾರದ ಹೊತ್ತಿಗೆ ಅದು 76ಕ್ಕೆ ಮುಟ್ಟಿತು. 38 ವಾರ ತುಂಬಿದಾಗ ನೋವು ಬರಿಸುವುದೆಂದು ತೀರ್ಮಾನವಾಯಿತು.

ಹಿಂದಿನ ರಾತ್ರಿಯೇ ವೈದ್ಯರು ಒಂದು ಹೆಜ್ಜೆ ಮುಂದೆ ಯೋಚಿಸಿದರು. ಅವಳು ರಾತ್ರಿ ಹತ್ತಕ್ಕೆ ಚುಚ್ಚಿಕೊಳ್ಳುವುದು ಇಡೀ ದಿನ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್, 34 ಯೂನಿಟ್. ಅದನ್ನು ಅಷ್ಟೇ ಕೊಟ್ಟರೆ ಮರುದಿನ ಸಂಜೆ ಮಾಸು ಬಿದ್ದ ಮೇಲೂ ಅದು ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಪಂಪನ್ನಾದರೆ ನಿಲ್ಲಿಸಬಹುದು, ಒಮ್ಮೆ ಚುಚ್ಚಿದ್ದನ್ನು ವಾಪಸು ತೆಗೆಯಲಾಗದು. ಹಾಗಾಗಿ 20 ಯೂನಿಟ್ ಮಾತ್ರ ಕೊಟ್ಟರು.

ಬೆಳಿಗ್ಗೆ ಸಕ್ಕರೆ 104. ಹನ್ನೊಂದು ಗಂಟೆಗೆ ನೋವು ಬಿರುಸಾಯಿತು, ಎರಡೂ ಡ್ರಿಪ್ ಶುರುವಾದವು. ಸಕ್ಕರೆ 118 ಇದ್ದುದರಿಂದ ಪಂಪು ಗಂಟೆಗೆ 1 ಯೂನಿಟ್. ಹನ್ನೆರಡಕ್ಕೆ 132, ಪಂಪು ಒಂದೂವರೆಗೆ ಏರಿತು. ಒಂದು ಗಂಟೆಗೆ 110, ಮತ್ತೆ ಒಂದಕ್ಕೆ ಇಳಿಯಿತು. ಎರಡಕ್ಕೆ 84, ಅರ್ಧ ಯೂನಿಟ್. ಮೂರಕ್ಕೆ ಅವಳು ಬೆವರುತ್ತಿದ್ದಳು, ಕೈ ನಡುಗುತ್ತಿತ್ತು, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲ. ಪಕ್ಕದಲ್ಲಿದ್ದ ತಾಯಿ, “ನೋವಿಗೆ ಹಾಗಾಗ್ತಿದೆ ಕಣಮ್ಮಾ, ಸ್ವಲ್ಪ ತಡ್ಕೋ” ಎಂದು ತಲೆ ಸವರಿದರು. ನರ್ಸ್ ಬೆರಳನ್ನು ಒರೆಸಿ ಚುಚ್ಚಿ ನೋಡಿದರೆ 66.

ಹೆರಿಗೆ ಕೋಣೆಯಲ್ಲಿ ಸಕ್ಕರೆ ಇಳಿದದ್ದು ಗೊತ್ತಾಗದೇ ಹೋಗುವುದು ಇಲ್ಲಿಯೇ. ಬೆವರು, ನಡುಕ, ಸುಸ್ತು, ಎದೆಬಡಿತ ಇವೆಲ್ಲ ನೋವಿನ ಲಕ್ಷಣಗಳೂ ಹೌದು, 70ಕ್ಕಿಂತ ಕೆಳಗಿಳಿದ ಸಕ್ಕರೆಯ ಲಕ್ಷಣಗಳೂ ಹೌದು. ಮುಖ ನೋಡಿ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಅದಕ್ಕಾಗಿಯೇ ಗಂಟೆಗೊಮ್ಮೆ ಚುಚ್ಚಬೇಕು, ಅನುಮಾನ ಬಂದರೆ ಗಂಟೆಯಾಗುವವರೆಗೂ ಕಾಯಬಾರದು. ಚುಚ್ಚುವ ಮುನ್ನ ಬೆರಳು ಸ್ವಚ್ಛವಾಗಿರಬೇಕು. ಸಕ್ಕರೆ ನೀರು ಮುಟ್ಟಿದ ಬೆರಳಾದರೆ ಮೀಟರು ಇಲ್ಲದ ಸಕ್ಕರೆಯನ್ನು ತೋರಿಸಿ, ಇಳಿದದ್ದನ್ನು ಮರೆಮಾಚುತ್ತದೆ.

ಪಂಪು ನಿಂತಿತು. ನಾಳದ ಮೂಲಕ 25 ಶೇಕಡಾ ಡೆಕ್ಸ್‌ಟ್ರೋಸ್ 40 ಮಿ.ಲೀ. ಕೊಟ್ಟರು, 10 ಗ್ರಾಂ ಸಕ್ಕರೆ. ಹದಿನೈದು ನಿಮಿಷಕ್ಕೆ 97 ಬಂತು, ಅವಳು ಕಣ್ಣರಳಿಸಿ ನೀರು ಕೇಳಿದಳು. ಡೆಕ್ಸ್‌ಟ್ರೋಸ್ ಡ್ರಿಪ್ಪಿನ ವೇಗ ಹೆಚ್ಚಿಸಿ, ಇಪ್ಪತ್ತು ನಿಮಿಷದೊಳಗೆ ಪಂಪನ್ನು ಸಣ್ಣ ಪ್ರಮಾಣದಲ್ಲಿ ಮತ್ತೆ ಹಚ್ಚಿದರು. ಸಕ್ಕರೆ ಇಳಿದಿತ್ತಲ್ಲ, ಮತ್ತೇಕೆ ಇನ್ಸುಲಿನ್ ಎಂದು ಯಾರಿಗಾದರೂ ಅನ್ನಿಸುತ್ತದೆ. ಟೈಪ್ 1 ಕಾಯಿಲೆಯವರ ಮೈ ಸ್ವಂತ ಇನ್ಸುಲಿನ್ನನ್ನು ತಯಾರಿಸುವುದೇ ಇಲ್ಲ ಅನ್ನಬಹುದು. ನಾಳಕ್ಕೆ ಹರಿಸಿದ ಇನ್ಸುಲಿನ್ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಇನ್ಸುಲಿನ್ ಪೂರ್ತಿ ಇಲ್ಲವಾದರೆ ಮೈ ಕೊಬ್ಬನ್ನು ಕರಗಿಸತೊಡಗಿ, ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಸೇರಿ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೇ ಸಂಚಕಾರ ತರುತ್ತವೆ. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಅದರ ಸೂಚನೆಗಳು. ಇವರಿಗೆ ಇನ್ಸುಲಿನ್ ಕಡಿಮೆ ಮಾಡಬಹುದು, ಪೂರ್ತಿ ಬಿಡುವಂತಿಲ್ಲ.

ನಾಲ್ಕು ಗಂಟೆಗೆ ಮಗುವನ್ನು ನೂಕುವ ಹಂತ ಬಂತು. ಆ ಹೊತ್ತಿನ ನೋವು, ಒತ್ತಡಕ್ಕೆ ಸುರಿಯುವ ಅಡ್ರಿನಲಿನ್ ಸಕ್ಕರೆಯನ್ನು ತುಸು ಮೇಲೆತ್ತುತ್ತದೆ. 121 ಬಂತು, ಪಂಪು ಮತ್ತೆ ಗಂಟೆಗೆ 1 ಯೂನಿಟ್. 4.40ಕ್ಕೆ 3.1 ಕೆ.ಜಿ.ಯ ಹೆಣ್ಣು ಮಗು. 4.50ಕ್ಕೆ ಮಾಸು. 4.51ಕ್ಕೆ ಪಂಪು ಅರ್ಧ ಯೂನಿಟ್ಟಿಗೆ.

ಮಗುವನ್ನು ಒರೆಸಿ ನೇರವಾಗಿ ತಾಯಿಯ ಎದೆಯ ಮೇಲೆ ಮಲಗಿಸಿದರು. ಅರ್ಧ ಗಂಟೆಯೊಳಗೆ ಅದು ಮೊದಲ ಹಳದಿ ಹಾಲು ಕುಡಿಯಿತು. ಇಂಥ ಮಗುವಿಗೆ ಎರಡು ಮೂರು ಗಂಟೆಗೊಮ್ಮೆ ಹಾಲೂಡಬೇಕು, ಹಾಲೂಡುವ ಮೊದಲು ಅಂಗಾಲಿನ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಬೇಕು. 45ಕ್ಕಿಂತ ಕೆಳಗೆ ಬಂದರೆ ಮಕ್ಕಳ ವೈದ್ಯರನ್ನು ಕರೆಯುತ್ತಾರೆ. ಮಗು ಮಂಕಾಗಿ ಮಲಗಿದ್ದರೆ, ಹಾಲು ಚೀಪದಿದ್ದರೆ, ಕೈಕಾಲು ಅದುರುತ್ತಿದ್ದರೆ ಗಂಟೆ ನೋಡುತ್ತ ಕೂರುವಂತಿಲ್ಲ. ಮೊದಲ ಹಾಲು ಬೇಡವೆಂದು ಹಿಂಡಿ ಚೆಲ್ಲಿ ಜೇನುತುಪ್ಪ ನೆಕ್ಕಿಸುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಸಕ್ಕರೆ ಕಾಯಿಲೆಯ ತಾಯಿಯ ಮಗುವಿಗೆ ಆ ಹಾಲೇ ಮೊದಲ ಔಷಧಿ, ಜೇನುತುಪ್ಪ ಎಳೆಗೂಸಿಗೆ ಕೊಡಬಾರದ್ದು.

ಸಂಜೆ ಏಳಕ್ಕೆ ತಾಯಿ ಊಟಕ್ಕೆ ಕೂತಾಗ ಹೊಸ ಲೆಕ್ಕ ಶುರುವಾಯಿತು. 76ರ ಲೆಕ್ಕವನ್ನು ಕೇಸ್ ಶೀಟಿನಲ್ಲಿ ಅಡ್ಡಗೆರೆ ಎಳೆದು ಹೊಡೆದು ಹಾಕಿದ್ದರು. ಹೊಸ ಲೆಕ್ಕಕ್ಕೆ ಆಧಾರ ಬಸಿರಿಗೆ ಮೊದಲಿನ 40 ಯೂನಿಟ್. ಅದರಲ್ಲೂ ಕಾಲು ಭಾಗ ಕಳೆದು ದಿನಕ್ಕೆ 30. ರಾತ್ರಿಗೆ ನಿಧಾನದ ಇನ್ಸುಲಿನ್ 14, ಉಳಿದದ್ದು ಮೂರು ಊಟಕ್ಕೆ ಹಂಚಿಕೆ. ಆ ಸಂಜೆ ಹಸಿವು ಅಷ್ಟಕ್ಕಷ್ಟೇ ಇದ್ದುದರಿಂದ ಊಟಕ್ಕೆ 4 ಯೂನಿಟ್ ಮಾತ್ರ ಕೊಟ್ಟರು. ಚುಚ್ಚಿದ ಕೂಡಲೇ ಪಂಪು ನಿಲ್ಲಿಸಲಿಲ್ಲ. ಚರ್ಮದಡಿಯ ಇನ್ಸುಲಿನ್ ಕೆಲಸ ಶುರು ಮಾಡುವವರೆಗೆ, ಅಂದರೆ ಅರ್ಧದಿಂದ ಒಂದು ಗಂಟೆ, ಎರಡನ್ನೂ ಒಟ್ಟಿಗೆ ಓಡಿಸಿ ಆಮೇಲೆ ಪಂಪು ತೆಗೆದರು. ಗುರಿಯೂ ಈಗ ಸಡಿಲ. ಒಳಗೆ ಮಗುವಿಲ್ಲ, ಹಾಗಾಗಿ 100ರಿಂದ 180ರವರೆಗೆ ಇದ್ದರೂ ಚಿಂತೆಯಿಲ್ಲ. ಈ ದಿನಗಳಲ್ಲಿ ಸಕ್ಕರೆ ಸ್ವಲ್ಪ ಏರಿದ್ದಕ್ಕಿಂತ ಇಳಿದದ್ದೇ ಹೆಚ್ಚು ಅಪಾಯ.

ಈ ಅಡ್ಡಗೆರೆ ಎಳೆಯದೇ ಹೋದಾಗ ಅವಘಡವಾಗುತ್ತದೆ. ಹೆರಿಗೆ ಕೋಣೆಯ ಸರದಿ ಮುಗಿಸಿದ ನರ್ಸ್ ಮನೆಗೆ ಹೋಗಿರುತ್ತಾರೆ, ವಾರ್ಡಿನ ನರ್ಸ್ ಹಳೆಯ ಹಾಳೆ ನೋಡಿ ರಾತ್ರಿ 34 ಯೂನಿಟ್ ಚುಚ್ಚಿಬಿಡಬಹುದು. ಮನೆಗೆ ಹೋದ ಮೇಲೆ ತಾಯಿಯೇ ಅಭ್ಯಾಸಬಲದಿಂದ ಪೆನ್ನನ್ನು ಹಳೆಯ ಅಂಕಿಗೆ ತಿರುಗಿಸಬಹುದು. ಆದ್ದರಿಂದ ಹೆರಿಗೆಗೆ ಮೊದಲೇ, ಎಂಟನೆಯ ತಿಂಗಳ ಭೇಟಿಯಲ್ಲೇ, ಹೆರಿಗೆಯ ನಂತರದ ಡೋಸನ್ನು ವೈದ್ಯರಿಂದ ಬೇರೆ ಚೀಟಿಯಲ್ಲಿ ಬರೆಸಿಟ್ಟುಕೊಂಡು, ಜೊತೆಗಿರುವವರಿಗೂ ತೋರಿಸಿಡುವುದು ಒಳ್ಳೆಯದು.

ಎಲ್ಲರ ಲೆಕ್ಕ ಒಂದೇ ಅಲ್ಲ. ಗರ್ಭಾವಸ್ಥೆಯಲ್ಲಿ ಮಾತ್ರ ಸಕ್ಕರೆ ಕಾಣಿಸಿಕೊಂಡವರಿಗೆ ಮಾಸು ಬಿದ್ದ ಮೇಲೆ ಇನ್ಸುಲಿನ್ನನ್ನು ಸಾಮಾನ್ಯವಾಗಿ ಪೂರ್ತಿ ನಿಲ್ಲಿಸುತ್ತಾರೆ, ಒಂದೆರಡು ದಿನ ಪರೀಕ್ಷಿಸಿ ಮನೆಗೆ ಕಳಿಸುತ್ತಾರೆ. ಟೈಪ್ 2 ಕಾಯಿಲೆಯವರಲ್ಲಿ ಅನೇಕರಿಗೆ ಮಾತ್ರೆ ಸಾಕಾಗುತ್ತದೆ, ಹಾಲೂಡುವವರು ಮೆಟ್‌ಫಾರ್ಮಿನ್ ತೆಗೆದುಕೊಳ್ಳಬಹುದು. ಇನ್ಸುಲಿನ್ ನಿಂತಿತು ಎಂದರೆ ಕಾಯಿಲೆ ಹೋಯಿತು ಎಂದಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಹೆತ್ತ ತಾಯಂದಿರನ್ನು ಐದು ವರ್ಷದ ಮೇಲೆ ಮತ್ತೆ ಪರೀಕ್ಷಿಸಿದಾಗ, ಬಸಿರಿನಲ್ಲಿ ಸಕ್ಕರೆ ಇದ್ದವರಲ್ಲಿ ಶೇ. 37 ಮಂದಿಗೆ ಕಾಯಿಲೆ ನೆಲೆಯೂರಿತ್ತು, ಉಳಿದವರಲ್ಲಿ ಅದು ಶೇ. 2 ಮಾತ್ರ. ಹೆರಿಗೆಯಾದ ಆರು ವಾರಕ್ಕೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯನ್ನು ಬಿಡಬಾರದು ಎನ್ನುವುದು ಇದಕ್ಕಾಗಿ.

ಬಾಣಂತನದ ಮನೆಯಲ್ಲೂ ಇನ್ಸುಲಿನ್ನಿನ ಲೆಕ್ಕ ಮುಗಿಯುವುದಿಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಮೊಲೆ ತಾಯಿಯ ರಕ್ತದ ಗ್ಲೂಕೋಸಿನಿಂದಲೇ ತಯಾರಿಸುತ್ತದೆ, ದಿನಕ್ಕೆ ಹತ್ತಾರು ಗ್ರಾಂ. ಹಾಲೂಡಿದ ಹಾಗೆಲ್ಲ ತಾಯಿಯ ಸಕ್ಕರೆ ಇಳಿಯುತ್ತದೆ. ಬಾಣಂತಿಗೆ ಮಿತವಾಗಿ ಮೆಣಸಿನ ಸಾರು, ಅನ್ನ ಮಾತ್ರ ಕೊಡುವ ಮನೆಗಳಿವೆ, ತುಪ್ಪ, ಬೆಲ್ಲ, ಅಂಟಿನುಂಡೆ ಧಾರಾಳವಾಗಿ ಕೊಡುವ ಮನೆಗಳೂ ಇವೆ. ಅರೆಹೊಟ್ಟೆ ಉಂಡು ಪೂರ್ತಿ ಊಟದ ಇನ್ಸುಲಿನ್ ಚುಚ್ಚಿಕೊಂಡರೆ ಸಕ್ಕರೆ ಕುಸಿಯುತ್ತದೆ, ಉಂಡೆಗಳ ಲೆಕ್ಕ ಬಿಟ್ಟರೆ ಮೇಲೇರುತ್ತದೆ. ತಟ್ಟೆಯಲ್ಲಿ ಏನು, ಎಷ್ಟು ಬಿತ್ತು ಎಂಬುದು ಅಡುಗೆ ಮಾಡುವ ಅಮ್ಮನಿಗೂ ಅತ್ತೆಗೂ ಗೊತ್ತಿದ್ದರೆ ಡೋಸು ಹೊಂದಿಸುವುದು ಸುಲಭ.

ನಮ್ಮ ಉದಾಹರಣೆಯ ಹೆಣ್ಣುಮಗಳಿಗೂ ಮೂರನೆಯ ರಾತ್ರಿ ಹಾಗೆಯೇ ಆಯಿತು. ಬೆಳಗಿನ ಜಾವ ಮೂರಕ್ಕೆ ಮಗುವಿಗೆ ಹಾಲೂಡುತ್ತಿದ್ದವಳಿಗೆ ಕುತ್ತಿಗೆ ಬೆವೆತು ತಣ್ಣಗಾಯಿತು, ಮಗು ಕೈಯಲ್ಲಿ ಭಾರವೆನಿಸಿತು. ಮೊದಲು ಮಗುವನ್ನು ಪಕ್ಕದಲ್ಲಿ ಮಲಗಿಸಿ ಅಮ್ಮನನ್ನು ಎಬ್ಬಿಸಿದಳು. ಮೀಟರಿನಲ್ಲಿ 62. ಲೋಟದ ನೀರಿಗೆ ಮೂರು ಚಮಚ ಸಕ್ಕರೆ ಕಲಕಿ ಕುಡಿಸಿದರು. ಹದಿನೈದು ನಿಮಿಷ ಬಿಟ್ಟು ನೋಡಿದಾಗ 101, ಜೊತೆಗೆ ಎರಡು ಬಿಸ್ಕತ್ತು ತಿಂದಳು. ಬೆಳಿಗ್ಗೆ ಫೋನ್ ಮಾಡಿದಾಗ ವೈದ್ಯರು ರಾತ್ರಿಯ 14 ಯೂನಿಟ್ಟನ್ನು 12ಕ್ಕೆ ಇಳಿಸಿದರು, ರಾತ್ರಿ ಹಾಲೂಡುವ ಮುನ್ನ ಏನಾದರೂ ತಿನ್ನುವಂತೆ ಹೇಳಿದರು. ಅಂದಿನಿಂದ ಅವಳ ದಿಂಬಿನ ಪಕ್ಕ ಮೀಟರು, ಸಕ್ಕರೆ ಡಬ್ಬಿ, ಒಂದು ಬಾಳೆಹಣ್ಣು ಇದ್ದೇ ಇರುತ್ತಿದ್ದವು. ಪಿಟ್ಯುಟರಿ ಹಳೆಯ ಲಯಕ್ಕೆ ಮರಳಿ ಊಟವೂ ಸರಿಹೋದ ಮೇಲೆ ಡೋಸು ಮೆಲ್ಲನೆ ಏರಿತು. ಆರನೆಯ ವಾರದ ಭೇಟಿಗೆ ಮಗುವನ್ನೆತ್ತಿಕೊಂಡು ಬಂದಾಗ ಅವಳ ಡೋಸು ದಿನಕ್ಕೆ 36 ಯೂನಿಟ್ ಆಗಿತ್ತು. ಇನ್ನೂ ಹಾಲೂಡುತ್ತಿದ್ದುದರಿಂದ 40ಕ್ಕೆ ಏರಿಸುವುದು ಬೇಡ ಎಂದು ವೈದ್ಯರು ಅದನ್ನೇ ಮುಂದುವರಿಸಿದರು.